ಎಷ್ಟು ದಿನ ಬೇಕೋ ಅಷ್ಟು ದಿನ

ಆ ನಿಯಮವನ್ನು ಬರೆದವನು ನಾನೇ. ಬೇರೆ ಯಾರ ತಲೆಗಾದರೂ ಕಟ್ಟೋಣವೆಂದರೆ ಕೆಳಗೆ ನನ್ನ ರುಜು ಇದೆ: ಜನಾರ್ದನ, ಮ್ಯಾನೇಜರ್.

ಚಿಕ್ಕಮಗಳೂರಿನ ಹೊರಗೆ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್. ಎಸ್ಟೇಟುಗಳಿಂದ ಬರುವ ಪಾರ್ಚ್‌ಮೆಂಟಿನ, ಅಂದರೆ ಒಣಗಿಸಿದ ಕಾಫಿ ಬೀಜದ, ಸಿಪ್ಪೆ ಬಿಡಿಸಿ, ಗಾತ್ರ ನೋಡಿ ವಿಂಗಡಿಸಿ, ಕಪ್ಪು ಬೀಜ ಆರಿಸಿ ತೆಗೆದು ಮೂಟೆ ಕಟ್ಟುವುದು ಅಲ್ಲಿಯ ಕೆಲಸ. ಸಿಬ್ಬಂದಿಯ ಮನೆಯಲ್ಲಿ ಸಾವಾದರೆ ಎಷ್ಟು ದಿನ ರಜೆ ಎಂಬುದು ಬಹಳ ಕಾಲ ಯಜಮಾನರ ಆ ಹೊತ್ತಿನ ಮೂಗಿನ ಮೇಲಿನ ಕೋಪವನ್ನು ಅವಲಂಬಿಸಿತ್ತು. 1997ರಲ್ಲಿ ಅವರಿಗೇ ಅದು ಸಾಕಾಗಿ, "ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಬೇಡ, ಬರೆದಿಡಿ" ಎಂದರು.

ಬರೆದೆ. "ತಂದೆ, ತಾಯಿ, ಗಂಡ, ಹೆಂಡತಿ ಅಥವಾ ಮಕ್ಕಳು ತೀರಿಕೊಂಡಲ್ಲಿ, ಸಿಬ್ಬಂದಿಗೆ ತಮ್ಮ ಸಮುದಾಯದ ರೂಢಿಯಂತೆ ಸೂತಕವಿರುವಷ್ಟು ದಿನ ಸಂಬಳ ಸಹಿತ ವಿಶೇಷ ರಜೆ ಕೊಡತಕ್ಕದ್ದು." ಬರೆದು ಎರಡು ಸಲ ಓದಿಕೊಂಡೆ. ನಾವು ಬ್ರಾಹ್ಮಣರು, ನಮ್ಮಲ್ಲಿ ಹತ್ತು ದಿನ ಸೂತಕ. ಬೇರೆಯವರಿಗೆ ಅವರವರ ಪದ್ಧತಿ. ಯಾರ ಆಚಾರಕ್ಕೂ ಕೈ ಹಾಕದೆ ಒಂದೇ ವಾಕ್ಯದಲ್ಲಿ ಎಲ್ಲರನ್ನೂ ಗೌರವಿಸಿದೆನಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ದಡ್ಡನಿಗೆ ಜಂಬ ಬೇರೆ.

ಐದು ವರ್ಷ ಕಳೆಯಿತು. ಕಾಫಿ ರೇಟು ನೆಲಕಚ್ಚಿತು. ಹಳೆಯ ಯಜಮಾನರು ಹಾಸಿಗೆ ಹಿಡಿದರು, ಅವರ ಮಗ ಸುಪ್ರೀತ್ ಬೆಂಗಳೂರಿನಿಂದ ಬಂದು ಹೋಗಿ ಮಾಡುತ್ತ ಕಂಪನಿ ನೋಡಿಕೊಳ್ಳತೊಡಗಿದ. ಅವನಿಗೆ ಒಂದೇ ಧ್ಯಾನ: ಜನ ಕಡಿಮೆ ಮಾಡಬೇಕು. ಯಾರಿಗೇ ಆಗಲಿ ವಾರಕ್ಕಿಂತ ಹೆಚ್ಚು ರಜೆ ಕೊಡುವುದಾದರೆ ತನ್ನನ್ನು ಕೇಳಬೇಕೆಂದು ನನಗೆ ಫೋನಿನಲ್ಲಿ ಹೇಳಿದ್ದ. ನನಗೆ ಆಗ ಐವತ್ತನಾಲ್ಕು. ಹೋಗಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರು ಎಷ್ಟನೆಯದೋ ಎಂಬ ಭಯ ನನಗೂ ಇತ್ತು.

2002ರ ಮಾರ್ಚಿನಲ್ಲಿ ಹಾಲೇಶನ ಹೆಂಡತಿ ಸೌಮ್ಯ ತೀರಿಕೊಂಡಳು. ಹಾಲೇಶ ನಮ್ಮಲ್ಲಿ ಬೀಜ ಆರಿಸುವ ವಿಭಾಗದ ಸೂಪರ್‌ವೈಸರ್. ದಿನಾ ಆಲ್ದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ದನಿ ಎತ್ತಿ ಮಾತಾಡಿದ್ದು ನನಗೆ ಗೊತ್ತಿಲ್ಲ. ಕಾಮಾಲೆ ಎಂದು ಎರಡು ತಿಂಗಳು ನಾಟಿ ಔಷಧಿ, ಆಸ್ಪತ್ರೆ ಎಂದು ಓಡಾಡಿ ಅವನ ರಜೆಗಳೆಲ್ಲ ಮುಗಿದಿದ್ದವು. ಮಕ್ಕಳೆಂದರೆ ಆರು ವರ್ಷದ ಮಗಳು ಅಕ್ಷತಾ ಒಬ್ಬಳೇ.

ಭಾನುವಾರ ಮಣ್ಣಿಗೆ ಹೋದೆ. ಅವರ ಪದ್ಧತಿಯಂತೆ ಸೌಮ್ಯಳನ್ನು ಕೂರಿಸಿ, ವಿಭೂತಿ ಹಚ್ಚಿದ್ದರು. ಮಗು ಅಪ್ಪನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿತ್ತು. ಗುಂಡಿಯ ಬಳಿ ಹೋಗುವಾಗ ಯಾರೋ ಬಿಡಿಸಲು ನೋಡಿದರು, ಬಿಡಲಿಲ್ಲ. ಅಪ್ಪನೂ ಹೋಗಿಬಿಟ್ಟರೆ ಎಂಬ ಹೆದರಿಕೆ ಇರಬೇಕು. ನಾನು ಯಾರಿಗೂ ಹೇಳದೆ ಬಂದುಬಿಟ್ಟೆ.

ಸೋಮವಾರ ಕಚೇರಿಯಲ್ಲಿ ಕೂತು ಅವನಿಗೆ ಕಾಗದ ಬರೆದೆ.

"ಪ್ರಿಯ ಹಾಲೇಶ್, ನಿನ್ನೆ ನಿಮ್ಮೊಡನೆ ಮಾತಾಡಲು ನನ್ನಿಂದ ಆಗಲಿಲ್ಲ. ಕಳೆದ ಆಯುಧಪೂಜೆಗೆ ಸೌಮ್ಯ ಬಂದಿದ್ದಾಗ, ಹೆಂಗಸರ ಜೊತೆ ಕೂತು ಒಂದು ತಾಸು ಬೀಜ ಆರಿಸಿದ್ದರು. ಅವರ ಮೊರದಲ್ಲಿ ಒಂದೇ ಒಂದು ಕಪ್ಪು ಬೀಜ ಉಳಿದಿರಲಿಲ್ಲ. ಇವರನ್ನೇ ಸೂಪರ್‌ವೈಸರ್ ಮಾಡಬೇಕಿತ್ತು ಎಂದು ನಾನು ತಮಾಷೆ ಮಾಡಿದಾಗ, ನಿಮಗಿಂತ ಹೆಚ್ಚು ನಕ್ಕವರು ಅವರು. ಆ ನಗು ನನ್ನ ಕಣ್ಣ ಮುಂದಿದೆ. ಕಚೇರಿಯ ಚಿಂತೆ ಬಿಡಿ. ಮಗುವಿನ ಜೊತೆ ಎಷ್ಟು ದಿನ ಬೇಕೋ ಅಷ್ಟು ದಿನ ಇರಿ. ಉಳಿದದ್ದಕ್ಕೆ ನಾನಿದ್ದೇನೆ."

ಬರೆದದ್ದು ಕಂಪನಿಯ ಹೆಸರು ಅಚ್ಚಾದ ಹಾಳೆಯ ಮೇಲೆ. ಕೈ ರೂಢಿಯಿಂದ ರುಜುವಿನ ಪಕ್ಕ ಸೀಲನ್ನೂ ಒತ್ತಿತು. ಡ್ರೈವರ್ ಗುರುವಯ್ಯನ ಕೈಯಲ್ಲಿ ಆಲ್ದೂರಿಗೆ ಕಳಿಸಿದೆ. ಬರೆಯುವಾಗ ಪ್ರತಿ ಅಕ್ಷರವೂ ನಿಜವಾಗಿತ್ತು, ಅದನ್ನು ಈಗಲೂ ಹೇಳುತ್ತೇನೆ.

ಶುಕ್ರವಾರ ನಮ್ಮ ಅಕೌಂಟೆಂಟ್ ಚಂದ್ರಶೇಖರಪ್ಪ ಹಾಜರಿ ಪುಸ್ತಕ ಹಿಡಿದು ಬಂದರು. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಗೆರೆ ದಾಟದ ಮನುಷ್ಯ.

"ಹಾಲೇಶಂದು ಏನು ಬರೀಲಿ ಸಾರ್?"

"ವಿಶೇಷ ರಜೆ ಅಂತ ಹಾಕಿ. ಹೆಂಡತಿ ಹೋಗಿದಾಳೆ, ಇನ್ನೇನು?"

"ನಿಯಮದಲ್ಲಿ ಸೂತಕದ ದಿನ ಅಂತ ಇದೆ ಸಾರ್. ನಮ್ಮಲ್ಲಿ ಸೂತಕ ಇಲ್ಲ. ಲಿಂಗ ಕಟ್ಟಿಕೊಂಡವರಿಗೆ ಎಲ್ಲಿಯ ಸೂತಕ? ಹನ್ನೊಂದನೇ ದಿನ ಗಣಾರಾಧನೆ ಮಾಡ್ತೀವಿ, ಅದು ಸೂತಕ ಅಲ್ಲ. ಹಾಗಾಗಿ ಲೆಕ್ಕಕ್ಕೆ ಒಂದು ದಿನವೂ ಬರಲ್ಲ."

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. "ಎಂತ ಮಾರಾಯ್ರೇ ನೀವು, ನಿಮ್ಮವನೇ ಅಲ್ವಾ ಅವನು?"

"ನಮ್ಮವನು ಅಂತ ಸುಳ್ಳು ಬರೆಯೋಕಾಗುತ್ತಾ ಸಾರ್? ಎರಡು ವರ್ಷದ ಹಿಂದೆ ನಮ್ಮವ್ವ ಹೋದಾಗ ನಾನು ನನ್ನ ಸಿ.ಎಲ್. ಹಾಕಿದ್ದೆ. ಮೂರನೇ ದಿನ ಡ್ಯೂಟಿಗೆ ಬಂದೆ. ನೀವೇ ಸೈನ್ ಮಾಡಿದ್ರಿ."

ಅವರ ದನಿಯಲ್ಲಿ ದೂರು ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಸಹಿ ಮಾಡಿದ್ದು ನೆನಪೇ ಇರಲಿಲ್ಲ. ಸಾವನ್ನು ಮೈಲಿಗೆ ಎಂದು ಎಣಿಸುವವನಿಗೆ ಹತ್ತು ದಿನ, ಎಣಿಸದವನಿಗೆ ಸೊನ್ನೆ. ದುಃಖವನ್ನು ಅಳೆಯಲು ಹೋಗಿ ನಾನು ನಮ್ಮ ಮನೆಯ ಮಡಿಕೋಲನ್ನು ಎತ್ತಿಕೊಂಡಿದ್ದೆ.

ಮಾಡಬಹುದಾದದ್ದು ಬೇಕಾದಷ್ಟಿತ್ತು. ಒಂದು ಅರ್ಜಿ ಕಳಿಸೆಂದು ಹಾಲೇಶನಿಗೆ ಹೇಳಿಕಳಿಸಿ, ಸಂಬಳ ರಹಿತ ರಜೆ ಎಂದು ಬರೆದು, ಸುಪ್ರೀತನಿಗೆ ಫೋನ್ ಮಾಡಿ ಒಪ್ಪಿಸಬಹುದಿತ್ತು. ಫೋನ್ ಎತ್ತಿದೆ, ಇಟ್ಟೆ. ಹಾಲೇಶ ಸೋಮವಾರ ಬಂದೇ ಬರುತ್ತಾನೆ, ಬಂದ ಮೇಲೆ ಸರಿಮಾಡಿದರಾಯಿತು ಎಂದುಕೊಂಡೆ. ಸೋಮವಾರ ಅವನು ಬರಲಿಲ್ಲ. ಯಾಕೆ ಬರಬೇಕು? ಎಷ್ಟು ದಿನ ಬೇಕೋ ಅಷ್ಟು ದಿನ ಇರಿ ಎಂದು ಮ್ಯಾನೇಜರು ಬರೆದಿದ್ದಾರಲ್ಲ.

ಗಣಾರಾಧನೆ ಮುಗಿಸಿ ಅವನು ಬಂದದ್ದು ಅದೇ ವಾರದ ಶುಕ್ರವಾರ. ಹನ್ನೊಂದು ದಿನ ಗೈರು. ಅನುಮತಿಯಿಲ್ಲದೆ ಹತ್ತು ದಿನ ಮೀರಿದರೆ ಕೆಲಸ ತಾನಾಗಿ ಬಿಟ್ಟಂತೆ ಎಂಬ ನಿಯಮ ನಮ್ಮಲ್ಲಿತ್ತು, ಅದು ನಾನು ಬರೆದದ್ದಲ್ಲ. ಗ್ರಹಚಾರಕ್ಕೆ ಅಂದೇ ಸುಪ್ರೀತ್ ನನ್ನ ಕೋಣೆಯಲ್ಲಿ ಕೂತು ಹಾಜರಿ ಪುಸ್ತಕ ತಿರುವುತ್ತಿದ್ದ. ಹಾಲೇಶನನ್ನು ಕರೆಸಿದ.

"ಯಾರ ಪರ್ಮಿಷನ್ ತಗೊಂಡಿದ್ರಿ?"

"ಮ್ಯಾನೇಜರ್ ಸಾರ್ ಇರೋಕೆ ಹೇಳಿದ್ರು," ಎಂದ ಹಾಲೇಶ. ತಲೆ ಬೋಳಿಸಿರಲಿಲ್ಲ, ಗಡ್ಡ ಬಂದಿತ್ತು, ಅಂಗಿ ದೊಗಲೆಯಾಗಿತ್ತು. ನನ್ನ ಕಡೆ ನೋಡಿದ, ತುಂಬ ನಂಬಿಕೆಯಿಂದ ನೋಡಿದ.

ಸುಪ್ರೀತ್ ನನ್ನತ್ತ ತಿರುಗಿದ. "ಹೌದಾ ಜನಾರ್ದನ್? ಹನ್ನೊಂದು ದಿನ ನೀವು ಕೊಟ್ರಾ? ನನ್ನನ್ನ ಕೇಳದೆ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹುಡುಕಿದೆ. ಹಾಗೆ ಹುಡುಕಿದವನಿಗೆ ಸಿಕ್ಕಿದ್ದು ಇದು: "ಸಾವಿನ ಮನೆಗೆ ಒಂದು ಸಾಂತ್ವನದ ಕಾಗದ ಬರೆದಿದ್ದೆ. ಕಚೇರಿ ಚಿಂತೆ ಬಿಡಿ, ಬೇಕಾದಷ್ಟು ದಿನ ಇರಿ ಅಂತ. ಅದು ಎಲ್ಲರೂ ಬರೆಯೋ ಮಾತು. ರಜೆ ಮಂಜೂರು ಮಾಡಿದ್ದಲ್ಲ."

ಆಚೆ ಮಿಷನ್ನು ಓಡುತ್ತಿತ್ತು.

ಸುಪ್ರೀತ್ ಕೆಟ್ಟವನೇನಲ್ಲ, ನಿಯಮ ಗೊತ್ತಿದ್ದವನು. "ಆ ಕಾಗದ ತೋರಿಸಿ ಹಾಲೇಶ್. ಕಂಪನಿ ಹಾಳೆ ಮೇಲೆ ಇದ್ರೆ ಯೋಚನೆ ಮಾಡ್ಬೇಕಾಗುತ್ತೆ," ಎಂದ.

ಇತ್ತು. ಹಾಳೆಯೂ ಇತ್ತು, ಸೀಲೂ ಇತ್ತು. ಲೇಬರ್ ಆಫೀಸರ್ ಮುಂದೆ ಇಟ್ಟಿದ್ದರೆ ಕಂಪನಿ ಬಾಯಿ ಮುಚ್ಚಿಕೊಂಡು ಅವನನ್ನು ಇಟ್ಟುಕೊಳ್ಳಬೇಕಿತ್ತು. ಆಗ ಕೆಲಸ ಹೋಗುತ್ತಿದ್ದುದು ನನ್ನದು. ಹಾಲೇಶ ಈ ಸಲ ನನ್ನ ಕಡೆ ನೋಡಲಿಲ್ಲ.

"ಅಂಥ ಕಾಗದ ನನ್ನ ಹತ್ರ ಇಲ್ಲ ಸಾರ್," ಎಂದ.

ಅಂದು ಸಂಜೆಯೇ ಅವನಿಂದ ರಾಜೀನಾಮೆ ಬರೆಸಿಕೊಂಡರು. ನನಗೆ ನೆಮ್ಮದಿಯಾಯಿತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ, ಆಯಿತು. ಮನೆಗೆ ಹೋಗಿ ಊಟವನ್ನೂ ಮಾಡಿದೆ. ಎರಡನೆಯ ದಿನದಿಂದ ನನ್ನ ಮುಖ ನನಗೇ ಬೇಡವಾಯಿತು.

ಮುಂದಿನ ವಾರವೇ ಕೂತು ನಿಯಮ ತಿದ್ದಿದೆ. ಸೂತಕದ ಮಾತು ತೆಗೆದು, ಯಾವ ಸಮುದಾಯದವರೇ ಆಗಲಿ ಹತ್ತು ದಿನ ಎಂದು ಬರೆದೆ. ಸುಪ್ರೀತ್ ಸಹಿ ಹಾಕಿದ. ಚಂದ್ರಶೇಖರಪ್ಪ ಅದನ್ನು ಬೋರ್ಡಿಗೆ ಚುಚ್ಚಿ, "ಈಗ ಸರಿಯಾಯ್ತು ಸಾರ್," ಎಂದಷ್ಟೇ ಹೇಳಿ ತಮ್ಮ ಜಾಗಕ್ಕೆ ಹೋದರು.

ಏಪ್ರಿಲ್ ಮೊದಲ ವಾರ ಹಾಲೇಶನ ಬಾಕಿ ಕಾಗದಪತ್ರ ಕೊಡುವ ನೆಪ ಮಾಡಿಕೊಂಡು ಆಲ್ದೂರಿಗೆ ಹೋದೆ. ಹೊಸ ನಿಯಮದ ಒಂದು ಪ್ರತಿಯನ್ನೂ ಒಯ್ದೆ, ಅದನ್ನು ಯಾಕೆ ಒಯ್ದೆನೋ ದೇವರಿಗೇ ಗೊತ್ತು. ಅವನು ಜಗಲಿಯಲ್ಲಿ ಮಗಳ ತಲೆ ಬಾಚುತ್ತಿದ್ದ. ಬೈತಲೆ ಸೊಟ್ಟಗಿತ್ತು. ಕುರ್ಚಿ ಹಾಕಿ, ಕಾಫಿ ಮಾಡಿ ತಂದ. ನಾನು ಕೊಟ್ಟದ್ದನ್ನು ಕೊನೆಯ ಸಾಲಿನವರೆಗೂ ಓದಿ, "ಚೆನ್ನಾಗಿ ಬರ್ದಿದ್ದೀರಿ ಸಾರ್, ಮುಂದಿನವರಿಗೆ ಅನುಕೂಲ ಆಗುತ್ತೆ," ಎಂದ. ವ್ಯಂಗ್ಯ ಮಾಡುವುದು ಅವನಿಗೆ ಗೊತ್ತೇ ಇರಲಿಲ್ಲ.

ಮಗು ಒಳಗೆ ಹೋದಾಗ ಕೇಳಿಯೇಬಿಟ್ಟೆ. "ಆ ಕಾಗದ ಯಾಕೆ ತೋರಿಸ್ಲಿಲ್ಲ ಹಾಲೇಶ್?"

ಬಾಚಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಮಗಳ ಕೂದಲನ್ನು ಬಿಡಿಸಿದ. "ಅವಳಮ್ಮ ಬೀಜ ಆರಿಸಿದ್ದು, ನಕ್ಕಿದ್ದು ಎಲ್ಲ ಅದ್ರಲ್ಲಿದೆಯಲ್ಲ ಸಾರ್. ದಿನಾ ಓದು ಅಂತಾಳೆ, ಓದಿದ ಮೇಲೇ ಮಲಗೋದು. ಅದು ಸುಮ್ನೆ ಬರೆಯೋ ಮಾತು ಅಂತ ನೀವು ಅಲ್ಲಿ ಹೇಳಿದ್ರಿ. ತೋರಿಸಿದ್ರೆ, ಹೌದಾ ಅಲ್ವಾ ಅಂತ ಅವರೆಲ್ಲ ಕೂತು ತೀರ್ಮಾನ ಮಾಡ್ತಿದ್ರು. ಬೇಡ ಅನ್ನಿಸ್ತು. ಮನೇಲಿ ಅದು ನಿಜಾನೇ ಇರ್ಲಿ ಸಾರ್."

ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಅಕ್ಷತಾ ಬಾಗಿಲಿಗೆ ಬಂದು ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇನಾ ಮ್ಯಾನೇಜರ್ ಮಾವ? ಎಷ್ಟು ದಿನ ಬೇಕಾದ್ರೂ ನನ್ನ ಜೊತೆ ಇರು ಅಂತ ಅಪ್ಪಂಗೆ ಹೇಳಿದ್ದು ನೀವೇನಾ?"

ಹಾಲೇಶ ಬೀದಿಯ ಕಡೆ ಮುಖ ಮಾಡಿ ನಿಂತಿದ್ದ.

"ಹೌದು ಪುಟ್ಟಿ," ಎಂದೆ. "ನಾನೇ ಹೇಳಿದ್ದು."