ಮಾತಿಲ್ಲ, ಮತ ಉಂಟು

ಪುಸ್ತಕದ ಪುಟವಿಡೀ ಹಳದಿ ಬಣ್ಣ ಬಳಿದು "ಓದಿ ಆಯಿತು ಮಿಸ್" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಲ್ಲವೂ ಮುಖ್ಯವಾದರೆ ಯಾವುದೂ ಮುಖ್ಯವಲ್ಲ ಎಂದು ಬೈದು ಬೈದು ನನ್ನ ಗಂಟಲು ಬಿದ್ದುಹೋಗಿದೆ. ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರದ ಮಹಡಿಯಲ್ಲಿ ನಾನು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರ ನಡೆಸುತ್ತೇನೆ. ಹೆಸರು ಗ್ಲ್ಯಾಡಿಸ್, ಊರು ಶಿರ್ವ. ಬಾಯಿ ಸ್ವಲ್ಪ ಜೋರು ಎನ್ನುವುದು ಮೆಟ್ಟಿಲ ಕೆಳಗಿನ ಜ್ಯೂಸ್ ಅಂಗಡಿಯವನಿಗೂ ಗೊತ್ತು.

ನಮ್ಮಲ್ಲಿ ಸಾರ್ವಜನಿಕ ಆಡಳಿತ ಕಲಿಸುತ್ತಿದ್ದವರು ದೋಹಾಕ್ಕೆ ಹೋದರು. ಆ ಜಾಗಕ್ಕೆ ಇಬ್ಬರು ಬಂದರು. ಒಬ್ಬ ಮಣಿಪಾಲದ ಅಕ್ಷಿತ್; ಇಸ್ತ್ರಿ ಮುರಿಯದ ಅಂಗಿ, ಚುರುಕು ಮಾತು. ಇನ್ನೊಬ್ಬಳು ಕಾಪುವಿನ ಜುವೈರಿಯಾ. ಎಂ.ಎ. ಮುಗಿಸಿ ಎರಡು ಕಡೆ ಕೆಲಸಕ್ಕೆ ಪ್ರಯತ್ನಿಸಿ ಸೋತು ಬಂದಿದ್ದಳು. ಕಟಪಾಡಿಯಲ್ಲಿ ಅವಳ ಮಾವ ಕುಂಞಿ ಮೊಹಮ್ಮದರ ಬಟ್ಟೆ ಅಂಗಡಿ ಉಂಟು. ಈ ಸಲವೂ ಆಗದಿದ್ದರೆ ಅಂಗಡಿಯ ಕೌಂಟರಿನಲ್ಲಿ ಕೂರುವುದೆಂದು ಮನೆಯಲ್ಲಿ ಮಾತಾಗಿತ್ತು. "ಅಂಗಡಿ ಕೆಲಸ ಕಡಿಮೆಯದ್ದು ಅಂತ ಅಲ್ಲ ಮಿಸ್. ಆದರೆ ನನಗೆ ಬರುವುದು ಪಾಠ ಮಾಡಲಿಕ್ಕೆ" ಎಂದಳು. ಆ ಒಂದು ಮಾತು ನನಗೆ ಹಿಡಿಸಿತು. ಆದರೆ ಹಿಡಿಸಿದವರಿಗೆಲ್ಲ ಕೆಲಸ ಕೊಡುವ ಧರ್ಮಛತ್ರ ನನ್ನದಲ್ಲ.

ನಮ್ಮ ಕೇಂದ್ರದಲ್ಲಿ ಆಯ್ಕೆಗೆ ಒಂದು ಪದ್ಧತಿ ಉಂಟು. ಒಂದು ಅಧ್ಯಾಯ ಕೊಡುತ್ತೇನೆ. ಅದನ್ನು ಒಂದೇ ಹಾಳೆಗೆ ಇಳಿಸಬೇಕು: ಯಾವ ಯಾವ ಹಂತ, ಯಾವ ಹಂತಕ್ಕೆ ಯಾರು ಹೊಣೆ, ಪರೀಕ್ಷೆಯಲ್ಲಿ ಪ್ರಶ್ನೆ ಬೀಳುವುದು ಎಲ್ಲಿ. ಆಮೇಲೆ ತರಗತಿಯನ್ನು ಅರ್ಧ ಮಾಡಿ ಇಬ್ಬರಿಗೂ ಹಂಚುತ್ತೇನೆ. ಹಾಳೆ ಇಟ್ಟುಕೊಂಡು ಪಾಠ ಮಾಡಬೇಕು. ಕೊನೆಗೆ ನಾನು ಕೊಡುವ ಪರೀಕ್ಷೆಯಲ್ಲಿ ಯಾರ ಮಕ್ಕಳಿಗೆ ಹೆಚ್ಚು ಅಂಕವೋ ಅವರಿಗೆ ಕೆಲಸ. ಈ ಸಲ ಕೊಟ್ಟದ್ದು ಬಜೆಟ್ ಚಕ್ರದ ಅಧ್ಯಾಯ. ಓದುತ್ತಾ ಹೋದರೆ ಮುಗಿಯುವುದೇ ಇಲ್ಲ ಎನ್ನಿಸುವಂಥದ್ದು.

ಅಕ್ಷಿತ್ ಪುಸ್ತಕ ಹಿಡಿದು ಮೊದಲ ಪುಟದಿಂದ ಶುರುಮಾಡಿದ. ಜುವೈರಿಯಾ ಪುಸ್ತಕ ತೆರೆಯಲೇ ಇಲ್ಲ. "ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಉಂಟಾ ಮಿಸ್?" ಎಂದು ಕೇಳಿದಳು. ಕಟ್ಟು ಬಿಚ್ಚಿ ಕೊಟ್ಟೆ. ಪ್ರಶ್ನೆಗಳನ್ನೆಲ್ಲ ಓದಿ, ಮಕ್ಕಳು ಎಲ್ಲಿ ಎಡವುತ್ತಾರೆಂದು ಗುರುತು ಮಾಡಿಕೊಂಡು, ಆಮೇಲೆ ಅಧ್ಯಾಯಕ್ಕೆ ಇಳಿದಳು. ಮೀನು ಕೊಳ್ಳುವವರು ಮೊದಲು ಕಿವಿರು ಎತ್ತಿ ನೋಡುವುದಿಲ್ಲವೇ, ಹಾಗೆ. ನಾನು ನನ್ನ ಕುರ್ಚಿಯಲ್ಲೇ ಖುಷಿಪಟ್ಟೆ. ಮುಖದಲ್ಲಿ ಮಾತ್ರ ತೋರಿಸಲಿಲ್ಲ.

ಜುವೈರಿಯಾಳ ಹಾಳೆ ತಯಾರಾಯಿತು. ಏನು ಹಾಳೆ ಅದು! ತಯಾರಿ, ಸಂಸತ್ತಿನ ಒಪ್ಪಿಗೆ, ಜಾರಿ, ಲೆಕ್ಕಪರಿಶೋಧನೆ ಎಂದು ನಾಲ್ಕು ಹಂತ. ತಯಾರಿಯ ಮುಂದೆ ಹಣಕಾಸು ಸಚಿವಾಲಯದ ಬಜೆಟ್ ವಿಭಾಗ. ಅದು ಸುತ್ತೋಲೆ ಕಳಿಸುತ್ತದೆ, ಇತರ ಸಚಿವಾಲಯಗಳು ತಮ್ಮ ಅಂದಾಜು ಕೊಡುತ್ತವೆ. ಒಪ್ಪಿಗೆಯ ಮುಂದೆ ಸಂಸತ್ತು. ಜಾರಿಯ ಮುಂದೆ ಆಯಾ ಸಚಿವಾಲಯಗಳು, ಲೆಕ್ಕ ಇಡಲು ಸಿಜಿಎ, ಅಂದರೆ ಲೆಕ್ಕಪತ್ರಗಳ ಮಹಾನಿಯಂತ್ರಕರು. ಕೊನೆಯ ಹಂತದ ಮುಂದೆ ಸಿಎಜಿ, ಅಂದರೆ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು, ಜೊತೆಗೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಪುಸ್ತಕದಲ್ಲಿದ್ದ ಇತಿಹಾಸ, ಪೀಠಿಕೆ, ಪಂಡಿತರ ವ್ಯಾಖ್ಯೆಗಳು ಎಲ್ಲ ಮಾಯ. ಬಿಡುವುದಕ್ಕೂ ಧೈರ್ಯ ಬೇಕು. ಅವಳಿಗೆ ಅದು ಇತ್ತು.

ಪಾಠ ಇನ್ನೂ ಚೆನ್ನಾಗಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಶಿರ್ವದ ಇವಾನ್. ಬುದ್ಧಿ ಇದ್ದರೂ ನಾಲಗೆಯನ್ನು ಓಡಲು ಬಿಟ್ಟ ಹುಡುಗ.

"ಸಿಜಿಎ, ಸಿಎಜಿ ಎರಡೂ ಒಂದೇ ಅಲ್ವಾ ಮಿಸ್? ಅಕ್ಷರ ಆಚೆ ಈಚೆ ಆದದ್ದು" ಎಂದ.

"ಅಕ್ಷರ ಆಚೆ ಈಚೆ ಆದರೆ ನಿನ್ನ ಅಂಕವೂ ಆಚೆ ಹೋಗ್ತದೆ ಮಾರಾಯ" ಎಂದಳು ಜುವೈರಿಯಾ. "ಸಿಜಿಎ ಸರಕಾರದ ಒಳಗಿನವರು, ಹಣಕಾಸು ಸಚಿವಾಲಯದ ಕೆಳಗೆ ಕೂತು ಲೆಕ್ಕ ಬರೆಯುವವರು. ಸಿಎಜಿ ಸಂವಿಧಾನವೇ ನೇಮಿಸಲು ಹೇಳಿದ ಸ್ವತಂತ್ರ ಅಧಿಕಾರಿ, ಆ ಲೆಕ್ಕವನ್ನು ತಪಾಸಣೆ ಮಾಡುವವರು. ಬರೆದವರೇ ತಪಾಸಣೆ ಮಾಡಿದರೆ ಎಂತ ಪ್ರಯೋಜನ?"

"ಸಿಎಜಿಯವರ ಹೆಸರಲ್ಲಿ ನಿಯಂತ್ರಕ ಅಂತ ಉಂಟಲ್ಲ. ಹಣ ಖರ್ಚಾಗುವುದನ್ನು ತಡೆಯಬಹುದಾ?"

"ಹೆಸರಲ್ಲಿ ಉಂಟು, ಕೆಲಸದಲ್ಲಿ ಇಲ್ಲ. ಖರ್ಚಾದ ಮೇಲೆ ವರದಿ. ವರದಿ ರಾಷ್ಟ್ರಪತಿಗೆ, ಅವರಿಂದ ಸಂಸತ್ತಿಗೆ, ಅಲ್ಲಿಂದ ಸಮಿತಿಗೆ. ಇದನ್ನು ಕೇಳಿಯೇ ಕೇಳ್ತಾರೆ, ಬರೆದುಕೊಳ್ಳಿ."

ಸಂಸತ್ತಿನ ಹಂತಕ್ಕೆ ಬಂದಾಗ ಅವಳು ಬೋರ್ಡಿನ ಮೇಲೆ ಒಂದೇ ಸಾಲು ಬರೆದಳು: ಮಾತು ಉಂಟು, ಮತ ಇಲ್ಲ. ರಾಜ್ಯಸಭೆ ಬಜೆಟ್ಟಿನ ಬಗ್ಗೆ ಚರ್ಚಿಸಬಹುದು, ಆದರೆ ಸಚಿವಾಲಯಗಳು ಕೇಳುವ ಹಣಕ್ಕೆ, ಅಂದರೆ ಅನುದಾನ ಬೇಡಿಕೆಗಳಿಗೆ, ಮತ ಹಾಕುವುದು ಲೋಕಸಭೆ ಮಾತ್ರ. ನ್ಯಾಯಾಧೀಶರ ಸಂಬಳದಂಥ, ಸಂಚಿತ ನಿಧಿಯಿಂದ ನೇರವಾಗಿ ಹೋಗುವ ವೆಚ್ಚವೂ ಹಾಗೆಯೇ. ಎರಡೂ ಸದನಗಳು ಅದರ ಬಗ್ಗೆ ಮಾತಾಡಬಹುದು, ಯಾವುದೂ ಮತ ಹಾಕುವ ಹಾಗಿಲ್ಲ. ಪುಸ್ತಕ ಪುಟಗಟ್ಟಲೆ ಎಳೆದದ್ದನ್ನು ಅವಳು ನಾಲ್ಕು ಪದದಲ್ಲಿ ಹಿಡಿದುಬಿಟ್ಟಳು. ಕರಾವಳಿಯ 'ಉಂಟು' ಇದ್ದದ್ದರಿಂದ ಮಕ್ಕಳ ಬಾಯಿಗೂ ಅದು ಥಟ್ಟನೆ ಕೂತಿತು. ಇಷ್ಟು ವರ್ಷ ಪಾಠ ಹೇಳಿದ ನನಗೆ ಹೊಟ್ಟೆಕಿಚ್ಚೇ ಆಯಿತು. ಹೆಮ್ಮೆಯೂ ಆಯಿತು, ನನ್ನದೇ ಮಗಳು ಎನ್ನುವ ಹಾಗೆ.

ಪರೀಕ್ಷೆಯಾಯಿತು. ಉತ್ತರಪತ್ರಿಕೆ ತಿದ್ದಿದೆ. ಅವಳ ಮಕ್ಕಳು ಸಿಜಿಎ, ಸಿಎಜಿಯಲ್ಲಿ ಎಡವಲಿಲ್ಲ, ರಾಜ್ಯಸಭೆಯಲ್ಲೂ ಎಡವಲಿಲ್ಲ. ಆದರೆ ಒಂದು ಪ್ರಶ್ನೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಾಲಾಗಿ ಬಿದ್ದಿದ್ದರು. ಗಿಲೋಟಿನ್ ಎಂದರೇನು ಎಂದು ಕೇಳಿದ್ದೆ. "ಚರ್ಚೆಯಾಗದ ಬೇಡಿಕೆಗಳು ರದ್ದಾಗುತ್ತವೆ" ಎಂಬುದಕ್ಕೆ ಗುರುತು ಹಾಕಿದ್ದರು. ಆ ಒಂದು ಪ್ರಶ್ನೆಯಿಂದಾಗಿ ಅಕ್ಷಿತನ ಗುಂಪು ಕೂದಲೆಳೆಯಷ್ಟು ಮುಂದೆ ಹೋಯಿತು.

ನಾನು ಇವಾನನನ್ನು ಹಿಡಿದು ಝಾಡಿಸಿದೆ. "ಪಾಠ ಮಾಡುವಾಗ ಎಲ್ಲಿ ನೋಡ್ತಿದ್ದೆ?"

"ಹಾಳೆಯನ್ನೇ ನೋಡಿದ್ದು ಮಿಸ್" ಎಂದ ಅವನು. "ಗಿಲೋಟಿನ್ ಅಂದರೆ ತಲೆ ತೆಗೆಯುವ ಯಂತ್ರ ಅಲ್ವಾ? ತಲೆ ಹೋದ ಮೇಲೆ ಬೇಡಿಕೆ ಉಳಿಯುವುದು ಹೇಗೆ?"

ಜುವೈರಿಯಾ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದು ಅವನ ಕೈಯಿಂದ ಹಾಳೆ ತೆಗೆದುಕೊಂಡು ಓದಿದಳು. "ಚರ್ಚೆಯಾಗದ ಬೇಡಿಕೆಗಳು ಗಿಲೋಟಿನ್‌ಗೆ" ಎಂದಷ್ಟೇ ಅಲ್ಲಿತ್ತು. ಸುಳ್ಳಲ್ಲ. ಆದರೆ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಸಾಲು. ಜಾಗ ಉಳಿಸಲು ಹೋಗಿ ಅವಳು ಅರ್ಥವನ್ನೇ ಕತ್ತರಿಸಿಬಿಟ್ಟಿದ್ದಳು. ಅಕ್ಷಿತ್ ತನ್ನ ಹಾಳೆಯಲ್ಲಿ ಆ ಜಾಗಕ್ಕೆ ಪೂರ್ತಿ ವಾಕ್ಯವನ್ನೇ ಬರೆದಿದ್ದ.

"ಮಕ್ಕಳದ್ದು ತಪ್ಪಲ್ಲ ಮಿಸ್. ನನ್ನದು" ಎಂದಳು.

"ಪ್ರಶ್ನೆಯೇ ಗೊಂದಲದ್ದು ಅಂತ ಅದನ್ನು ಬಿಟ್ಟುಬಿಡುವ" ಎಂದೆ. ಬಿಟ್ಟರೆ ಅವಳ ಗುಂಪೇ ಮುಂದೆ ಬರುತ್ತಿತ್ತು. ಅದು ಅವಳಿಗೂ ಗೊತ್ತಿತ್ತು.

"ಬೇಡ ಮಿಸ್. ನೀವು ಬಿಡಬಹುದು, ಲೋಕಸೇವಾ ಆಯೋಗದವರು ಬಿಡ್ತಾರಾ? ಇವರು ಅಲ್ಲಿಯೂ ಇದನ್ನೇ ಬರೀತಾರೆ." ಆಮೇಲೆ ಒಮ್ಮೆಲೇ ಅವಳ ಮುಖ ಬಿಳಿಚಿತು. "ಈ ಹಾಳೆ ಬೇರೆ ಯಾರಿಗಾದರೂ ಹೋಗಿದೆಯಾ?"

ಹೋಗಿತ್ತು. ಒಳ್ಳೆಯದಿದೆಯೆಂದು ನಾನೇ ಅದರ ಫೋಟೋ ತೆಗೆದು, ಕಾರ್ಕಳದ ನಮ್ಮ ಶಾಖೆ ನೋಡಿಕೊಳ್ಳುವ ಕಜೆಟನ್ನಿಗೆ ಕಳಿಸಿದ್ದೆ. ಅವನು ಅಲ್ಲಿಯ ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕಿಯಾಗಿತ್ತು.

ಅವಳು ಮೊದಲು ಇವಾನನ ಗುಂಪನ್ನು ಕೂರಿಸಿಕೊಂಡಳು. ಕಿಟಕಿಯ ಕೆಳಗೆ ಕಾರ್ಕಳದ ಬಸ್ಸಿನ ಕಂಡಕ್ಟರ್ ಬಾಗಿಲು ಬಡಿದು ಕೂಗುತ್ತಿದ್ದ.

"ಬಸ್ಸಿನ ಟೈಮ್ ಆಯಿತು. ಕೆಳಗೆ ಇನ್ನೂ ಜನ ಮಾತಾಡ್ತಾ ನಿಂತಿದ್ದಾರೆ. ಕಂಡಕ್ಟರ್ ಅವರನ್ನು ಬಿಟ್ಟು ಹೋಗ್ತಾನಾ?" ಎಂದು ಕೇಳಿದಳು.

"ಎಲ್ಲಿಯ ಬಿಡುವುದು ಮಿಸ್!" ಎಂದ ಇವಾನ್. "ಮಾತು ಮತ್ತೆ, ಮೊದಲು ಹತ್ತಿ ಅಂತ ಎಲ್ಲರನ್ನೂ ಒಳಗೆ ತುಂಬಿಸಿ ರೈಟ್ ಪೋಯಿ, ಹೊರಟೇಬಿಡುವುದು!"

"ಅಷ್ಟೇ ಗಿಲೋಟಿನ್. ಬೇಡಿಕೆಗಳ ಚರ್ಚೆಗೆ ಇಟ್ಟ ಕೊನೆಯ ದಿನ ಹೊತ್ತು ಮುಗಿಯಿತು. ಉಳಿದ ಬೇಡಿಕೆಗಳನ್ನೆಲ್ಲ ಸ್ಪೀಕರ್ ಚರ್ಚೆ ಇಲ್ಲದೆ ಮತಕ್ಕೆ ಹಾಕ್ತಾರೆ. ತಲೆ ಹೋಗುವುದು ಚರ್ಚೆಯದ್ದು, ಬೇಡಿಕೆಯದ್ದಲ್ಲ." ಬೋರ್ಡಿನತ್ತ ತಿರುಗಿ, ತನ್ನ ಹಳೆಯ ಸಾಲಿನ ಕೆಳಗೆ ಅದನ್ನೇ ಮಗುಚಿ ಬರೆದಳು: ಮಾತಿಲ್ಲ, ಮತ ಉಂಟು.

ಯಾರೋ ಬೆಂಚು ಬಡಿದರು. ಇಡೀ ಅಧ್ಯಾಯದ ಕಷ್ಟದ ಜಾಗವೆಲ್ಲ ಆ ಎರಡು ಸಾಲಿನ ನಡುವೆ ಬಂದು ಕೂತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಅವಳು ಕಾರ್ಕಳದ ಗುಂಪಿಗೆ ಧ್ವನಿ ಸಂದೇಶ ಕಳಿಸಬೇಕೆಂದಳು. "ಕೆಲಸ ಯಾರಿಗೆ ಅಂತ ಇನ್ನೂ ಹೇಳಿಲ್ಲ. ಮೊದಲೇ ತಪ್ಪು ಸಾರಿಕೊಂಡು ಬರ್ತೀಯಾ?" ಎಂದು ಗದರಿಸಿದೆ. ಅವಳು ನನ್ನ ಫೋನಿಗಾಗಿ ಕೈ ಚಾಚಿಯೇ ಇದ್ದಳು. ಕೊಟ್ಟೆ.

"ನಾನು ಕಾಪುವಿನ ಜುವೈರಿಯಾ. ನಿಮಗೆ ಬಂದ ಬಜೆಟ್ ಹಾಳೆ ಮಾಡಿದ್ದು ನಾನು. ಅದರಲ್ಲಿ ಗಿಲೋಟಿನ್ ಬಗ್ಗೆ ಬರೆದ ಸಾಲು ನಿಮ್ಮನ್ನು ದಾರಿ ತಪ್ಪಿಸ್ತದೆ. ದಯವಿಟ್ಟು ಅದನ್ನು ಹೊಡೆದು ಹಾಕಿ, ಹೀಗೆ ಬರೆದುಕೊಳ್ಳಿ..." ಎಂದು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ಬ್ಯಾಗ್ ಹೆಗಲಿಗೇರಿಸಿ, "ಅಕ್ಷಿತ್ ಅವರು ಚೆನ್ನಾಗಿ ಕಲಿಸ್ತಾರೆ ಮಿಸ್" ಎಂದು ಹೇಳಿ ಮೆಟ್ಟಿಲಿಳಿದಳು.

ಅವಳನ್ನೇ ಇಟ್ಟುಕೊಳ್ಳುತ್ತೇನೆಂದು ತಿಳಿಸಿದ ಕೂಡಲೇ ಕಜೆಟನ್ ಫೋನ್ ಮಾಡಿದ. "ಎಂತ ಗ್ಲ್ಯಾಡಿಸ್ ಬಾಯಿ, ತಪ್ಪು ಬರೆದವಳನ್ನು ಇಟ್ಟುಕೊಳ್ಳುವುದಾ? ಅಂಕದ ಪದ್ಧತಿ ನಿಮ್ಮದೇ ಅಲ್ವಾ?"

"ಪದ್ಧತಿ ಮಾಡಿದ್ದು ಟೀಚರನ್ನು ಹುಡುಕಲಿಕ್ಕೆ. ಸಿಕ್ಕಿದ ಮೇಲೂ ಅಂಕ ಎಣಿಸುತ್ತಾ ಕೂರಲಿಕ್ಕಾಗ್ತದಾ?" ಎಂದೆ. ಎಷ್ಟೋ ಮೇಷ್ಟರುಗಳನ್ನು ಕಂಡಿದ್ದೇನೆ. ತಪ್ಪಾದರೆ ಮುದ್ರಣದೋಷ ಎನ್ನುತ್ತಾರೆ, ಮಕ್ಕಳಿಗೆ ಗಮನವಿಲ್ಲ ಎನ್ನುತ್ತಾರೆ. ತನ್ನ ಅನ್ನದ ದಾರಿಗೇ ಅಡ್ಡ ಬರುತ್ತದೆಂದು ಗೊತ್ತಿದ್ದೂ ಹೆಸರು ಹೇಳಿ ತಿದ್ದಿದವರನ್ನು ನಾನು ನೋಡಿರಲಿಲ್ಲ. ಅಕ್ಷಿತನನ್ನು ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾರ್ಕಳದಲ್ಲಿ ಅರ್ಥಶಾಸ್ತ್ರ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದೆ. ಮುಖ ಬಿಗಿದುಕೊಂಡೇ "ಆಗಲಿ" ಎಂದ. ಒಳ್ಳೆಯ ಹುಡುಗ.

ಜುವೈರಿಯಾಳನ್ನು ಸೋಮವಾರ ಕರೆಸಿದೆ. ಹಾಳೆಗಳನ್ನು ವಾಪಸು ಕೊಡಲು ಕರೆದಿರಬೇಕೆಂದು ತಿಳಿದಳೋ ಏನೋ, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾಳೆಯಿಂದ ಸಾರ್ವಜನಿಕ ಆಡಳಿತ ನಿನ್ನದು" ಎಂದೆ.

ಅವಳು ನಗಲಿಲ್ಲ. ನನ್ನನ್ನೇ ನೋಡಿ ಕೇಳಿದಳು, "ಕಾರ್ಕಳದ ಮಕ್ಕಳು ಸಂದೇಶ ಕೇಳಿದ್ದಾರಾ ಮಿಸ್? ಎಲ್ಲರೂ?"

"ಎಲ್ಲರೂ ಕೇಳಿದ್ದಾರೆ. ಕಜೆಟನ್ ಒಬ್ಬೊಬ್ಬರ ಹಾಳೆಯನ್ನೂ ನೋಡಿದ್ದಾನೆ, ತಿದ್ದಿಕೊಂಡಿದ್ದಾರೆ."

ಅದನ್ನು ಕೇಳಿದ ಮೇಲೆ ಅವಳು ಕುರ್ಚಿಯಲ್ಲಿ ಕುಳಿತು, ಶಾಲಿನ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.