ತಲೆನೋವು, ಒಂದು ಮಾತ್ರೆ

ಅತ್ತಿಗೆಗೆ ಸಿಟ್ಟು ಬರುವುದೇ ಅಪರೂಪ. ಅಂಥವಳು ಹೊಲಿಯುತ್ತಿದ್ದ ಕಾಲರನ್ನು ಜಗ್ಗಿ, "ನಿನ್ ಕೆಲಸ ನೀನು ನೋಡ್ಕೋ, ನನ್ನನ್ಯಾಕೆ ದುರುಗುಟ್ಕೊಂಡು ನೋಡ್ತೀಯಾ?" ಎಂದು ಗದರಿದಾಗ ಪಕ್ಕದ ಮಿಷಿನ್ನಿನ ಮುಂದೆ ಕೂತಿದ್ದ ನಾದಿನಿ ತಟ್ಟನೆ ಗಡಿಯಾರ ನೋಡಿದಳು. ಒಂದು ಗಂಟೆಗೆ ಐದು ನಿಮಿಷ ಕಮ್ಮಿಯಿತ್ತು.

ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಊಟದ ಗಂಟೆ ಬಾರಿಸುವುದು ಹನ್ನೆರಡೂವರೆಗೆ. ಅದಕ್ಕೆ ಸ್ವಲ್ಪ ಮೊದಲು ಅತ್ತಿಗೆ ಶೌಚಾಲಯಕ್ಕೆ ಹೋಗಿ ಇನ್ಸುಲಿನ್ ಚುಚ್ಚಿಕೊಂಡು ಬರುತ್ತಾಳೆ. ಇವತ್ತೂ ಚುಚ್ಚಿಕೊಂಡು ಬಂದು ಕೂತಳು. ಆಮೇಲೆ ಸೂಪರ್‌ವೈಸರ್ ಕೂಗಿದ: "ಲಾರಿ ಕಾಯ್ತಿದೆ! ಊಟ ಇವತ್ತು ಒಂದೂವರೆಗೆ!" ಮೈಗೆ ಸೇರಿದ ಔಷಧಿಗೆ ಲಾರಿಯ ಸುದ್ದಿ ಯಾರು ಹೇಳಬೇಕು? ಅದು ತನ್ನ ಪಾಡಿಗೆ ರಕ್ತದ ಸಕ್ಕರೆ ಇಳಿಸುತ್ತಲೇ ಇತ್ತು.

"ಅತ್ತಿಗೆ, ತಲೆ ನೋಯ್ತಿದ್ಯಾ?"

"ಹಣೆ ಸಿಡೀತಿದೆ. ಸಾರ್ ಆಗಲೇ ಮಾತ್ರೆ ಕೊಟ್ರು. ನೀನು ಸುಮ್ನಿರು."

ನಾದಿನಿ ಕಾಲರಿನ ಹೊಲಿಗೆ ನೋಡಿದಳು. ಹದಿನೆಂಟು ವರ್ಷ ಗೆರೆ ಎಳೆದ ಹಾಗೆ ಹೊಲಿದ ಕೈ ಅದು. ಈಗ ದಾರ ಅಂಚು ಬಿಟ್ಟು ಅತ್ತಿತ್ತ ಓಡಾಡಿತ್ತು. ಬೆರಳು ನಡುಗುತ್ತಿದ್ದವು, ಫ್ಯಾನಿನ ಕೆಳಗೂ ಕತ್ತು ಬೆವರಿತ್ತು. ತಲೆನೋವು, ನಡುಕ, ಬೆವರು, ಇದ್ದಕ್ಕಿದ್ದ ಹಾಗೆ ಸಿಡುಕು. ಇನ್ನೇನು ಕಾಯುವುದು? ಅವಳು ಎದ್ದು ಅತ್ತಿಗೆಯ ಮಿಷಿನ್ನಿನ ಸ್ವಿಚ್ ಆರಿಸಿದಳು.

"ಸಾರ್, ಲಾಕರ್ ಬೀಗದ ಕೈ ಕೊಡಿ. ಅತ್ತಿಗೆಗೆ ಸಕ್ಕರೆ ಬೇಕು."

ಬಟ್ಟೆಗೆ ಕಲೆಯಾಗುತ್ತದೆಂದು ಅಲ್ಲಿ ತಿನ್ನುವ ಪದಾರ್ಥ ಒಳಗೆ ತರುವಂತಿಲ್ಲ. ಗ್ಲೂಕೋಸು, ಊಟದ ಡಬ್ಬಿ, ರಕ್ತ ಪರೀಕ್ಷೆಯ ಮೀಟರು ಎಲ್ಲವೂ ಇದ್ದ ಅತ್ತಿಗೆಯ ಚೀಲ ಬೀಗದೊಳಗೆ.

ಸೂಪರ್‌ವೈಸರ್ ಹುಬ್ಬೇರಿಸಿದ. "ತಲೆ ಕೆಟ್ಟಿದ್ಯಾ? ಶುಗರ್ ಇರೋರಿಗೆ ಸಕ್ಕರೆ ಕೊಟ್ಟು ಸಾಯಿಸ್ತೀಯಾ? ತಗೋ, ನನ್ ಟೀ ಕೊಡು. ಸಕ್ಕರೆ ಹಾಕಿಲ್ಲ ಇದಕ್ಕೆ."

ಎಷ್ಟು ದೊಡ್ಡ ಮನಸ್ಸು! ನಾದಿನಿಗೆ ಆ ಲೋಟವನ್ನು ಅವನ ಮುಖಕ್ಕೇ ಎರಚಬೇಕೆನ್ನಿಸಿತು. ಎರಚುತ್ತಾ ನಿಲ್ಲಲು ಪುರುಸೊತ್ತಿರಲಿಲ್ಲ. ಅವನ ಮೇಜಿನ ಮೇಲಿದ್ದ ಸಕ್ಕರೆ ಡಬ್ಬಿಯನ್ನು ಕೇಳದೆ ಎತ್ತಿಕೊಂಡು, ಅರ್ಧ ಲೋಟ ನೀರಿಗೆ ನಾಲ್ಕು ಟೀ ಚಮಚ ಸಕ್ಕರೆ ಹಾಕಿ ಕಲಕಿದಳು.

"ಅತ್ತಿಗೆ, ಇಲ್ಲಿ ನೋಡಿ. ನಾನ್ಯಾರು?"

"ನನ್ ತಲೆ ತಿನ್ನೋಳು."

ಎಚ್ಚರವಿದೆ, ನುಂಗಬಲ್ಲಳು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಬೇಕೆಂದು ಆಸ್ಪತ್ರೆಯ ನರ್ಸ್ ಇಬ್ಬರನ್ನೂ ಕೂರಿಸಿ ಹೇಳಿದ್ದಳು. ನಾದಿನಿ ಗುಟುಕು ಗುಟುಕಾಗಿ ಕುಡಿಸಿದಳು. ಅಷ್ಟರಲ್ಲಿ ಗುಂಡಿಯ ಕಾಜಾ ಹೊಲಿಯುವ ಹೆಂಗಸು ಸೂಪರ್‌ವೈಸರ್ ಹತ್ತಿರ ಬೀಗದ ಕೈಯನ್ನು ಕಸಿದುಕೊಂಡೇ ಹೋಗಿ ಚೀಲ ತಂದಿದ್ದಳು. ಬೆರಳು ಚುಚ್ಚಿದರೆ ಮೀಟರು ಐವತ್ತನಾಲ್ಕು ಎಂದಿತು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ.

ಹದಿನೈದು ನಿಮಿಷ ಕಾದರು. ಅರವತ್ತಾರು. "ಇನ್ನೂ ಕಮ್ಮಿಯೇ," ಎಂದು ನಾದಿನಿ ಮತ್ತೆ ಅಷ್ಟೇ ಸಕ್ಕರೆ ನೀರು ಕೊಟ್ಟಳು. ಇನ್ನೊಂದು ಹದಿನೈದು ನಿಮಿಷಕ್ಕೆ ತೊಂಬತ್ತೈದು. ಬೆವರು ಆರಿತು, ಬೆರಳಿನ ನಡುಕ ನಿಂತಿತು. ತಲೆನೋವು ಮಾತ್ರ ಇನ್ನೂ ಸ್ವಲ್ಪ ಉಳಿದಿತ್ತು. ಸಕ್ಕರೆ ನೀರು ಹೆಚ್ಚು ಹೊತ್ತು ತಡೆಯುವುದಿಲ್ಲವೆಂದು ಅವಳು ಡಬ್ಬಿ ಬಿಚ್ಚಿ ಅತ್ತಿಗೆಯನ್ನು ಅಲ್ಲೇ ಊಟಕ್ಕೆ ಕೂರಿಸಿದಳು.

ಸೂಪರ್‌ವೈಸರ್ ರಿಜಿಸ್ಟರ್ ಹಿಡಿದು ಬಂದ. ಯಾರಿಗೆ ಯಾವ ಮಾತ್ರೆ ಕೊಟ್ಟರೂ ಅದರಲ್ಲಿ ಬರೆದು ಸಹಿ ಹಾಕಿಸಬೇಕು. ಇವತ್ತಿನ ಸಾಲು ಆಗಲೇ ತುಂಬಿತ್ತು: ತಲೆನೋವು, ಒಂದು ಮಾತ್ರೆ. "ಸಹಿ ಹಾಕಮ್ಮ. ಅರ್ಧ ಗಂಟೆ ಮಿಷಿನ್ ನಿಂತಿದೆ, ಮೇಲಿನವರಿಗೆ ನಾನು ಉತ್ತರ ಕೊಡ್ಬೇಕು."

ನಾದಿನಿ ರಿಜಿಸ್ಟರನ್ನು ಕಿತ್ತುಕೊಂಡು ಹಿಂದಿನ ಹಾಳೆ ತಿರುವಿದಳು. ಅತ್ತಿಗೆಯದೇ ಹೆಸರು. ತಲೆನೋವು, ಒಂದು ಮಾತ್ರೆ. ಇನ್ನೊಂದು ಹಾಳೆ. ಮತ್ತೆ ಅದೇ. ಎರಡು ತಿಂಗಳಲ್ಲಿ ಆರು ಸಲ, ಎಲ್ಲವೂ ಮಧ್ಯಾಹ್ನ ಒಂದರ ಆಸುಪಾಸು, ಎಲ್ಲವೂ ಲಾರಿ ಕಾಯುತ್ತಿದ್ದ ದಿನಗಳೇ. ಮಾತ್ರೆ ನೋವನ್ನು ಮುಚ್ಚಿತ್ತು, ಸಕ್ಕರೆ ಇಳಿದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಕ್ಕದಲ್ಲೇ ಕೂತ ತನ್ನ ಕಣ್ಣಿಗೂ!

"ವಯಸ್ಸಾಯ್ತು, ಅದಕ್ಕೇ ತಲೆನೋವು ಅಂದ್ಕೊಂಡಿದ್ದೆ ಕಣೇ," ಎಂದಳು ಅತ್ತಿಗೆ ಮೆಲ್ಲಗೆ.

ನಾದಿನಿ ಇವತ್ತಿನ ಸಾಲನ್ನು ಹೊಡೆದುಹಾಕಿ ಬರೆದಳು: ಇನ್ಸುಲಿನ್ ತಗೊಂಡ ಮೇಲೆ ಊಟವನ್ನು ಒಂದೂವರೆಗೆ ಮುಂದೂಡಿದ್ದರಿಂದ ಸಕ್ಕರೆ ಐವತ್ತನಾಲ್ಕಕ್ಕೆ ಇಳಿಯಿತು.

"ಏಯ್, ಹಾಗೆಲ್ಲ ಬರೆಯೋ ಹಾಗಿಲ್ಲ! ಕಾಯಿಲೆ ಇರೋರು ಮನೇಲಿರ್ಬೇಕು!"

ಅತ್ತಿಗೆ ತುತ್ತು ನುಂಗಿ, ಎಡಗೈಯಲ್ಲಿ ಪೆನ್ನು ತೆಗೆದುಕೊಂಡು ಸೊಟ್ಟಸೊಟ್ಟಗೆ ಸಹಿ ಹಾಕಿದಳು. ಆಮೇಲೆ ಪೆನ್ನನ್ನು ಅವನತ್ತ ಚಾಚಿದಳು.

"ನೀವೂ ಹಾಕಿ ಸಾರ್. ಆ ಆರು ಸಲದಲ್ಲಿ ಒಂದ್ಸಲ ನಾನು ಏಳದೇ ಹೋಗಿದ್ರೆ, ಅಲ್ಲೂ ತಲೆನೋವು ಅಂತಲೇ ಬರೀತಿದ್ರಲ್ಲ?"