ಇವತ್ತಿನ ಅಳತೆಗೆ ಹೊಲಿಯೋದಿಲ್ಲ

ನನ್ನ ಧಾರೆ ಸೀರೆಯನ್ನು ಕತ್ತರಿಸಿ ಮಗಳು ಸಿಂಚನಾಳ ಭರತನಾಟ್ಯದ ಡ್ರೆಸ್ ಹೊಲಿದವರು ಸಾಗರದ ಮಹಾಲಕ್ಷ್ಮಕ್ಕ. ಹೋದ ವರ್ಷ ಕೊಡುವಾಗ ಒಳಮಗ್ಗುಲು ತಿರುವಿ ತೋರಿಸಿದ್ದರು. ರವಿಕೆಯ ಪಕ್ಕಗಳಲ್ಲಿ ರೇಷ್ಮೆಯನ್ನೂ ಲೈನಿಂಗನ್ನೂ ಕತ್ತರಿಸದೆ ಒಳಗೆ ಮಡಚಿಟ್ಟಿದ್ದರು. ಪೈಜಾಮದ ಕಾಲಿನ ತುದಿಗೆ ಜರಿಯಂಚು ಬಂದಿದ್ದರಿಂದ ಅಲ್ಲಿ ಬಿಚ್ಚುವಂತಿರಲಿಲ್ಲ. ಉದ್ದಕ್ಕೆಂದು ಬಿಟ್ಟ ಮಡಿಕೆ ಸೊಂಟದ ಕೆಳಗೆ, ಹಿಂದಿನಿಂದ ಸುತ್ತಿ ಕಟ್ಟುವ ತುಂಡಿನ ಮರೆಯಲ್ಲಿತ್ತು.

"ಎರಡಿಂಚು ಬಿಟ್ಟಿದೀನಿ ಪುಟ್ಟಿ. ಅಷ್ಟರೊಳಗೇ ಬೆಳೀಬೇಕು ಮತ್ತೆ! ಮೀರಿದ್ರೆ ನನ್ಹತ್ರ ಬಟ್ಟೆ ಇಲ್ಲ," ಎಂದಿದ್ದರು. ಅಕ್ಕನೂ ನಾನೂ ನಕ್ಕಿದ್ದೆವು.

ಈ ಸಲ ಡ್ಯಾನ್ಸ್ ಪರೀಕ್ಷೆ ಹತ್ತಿರ ಬಂದಾಗ ಹೊಸನಗರದಿಂದ ಮತ್ತೆ ಬಸ್ಸು ಹತ್ತಿದೆವು. ತೊಟ್ಟು ನೋಡಿದರೆ ಪೈಜಾಮ ಮೀನಖಂಡದವರೆಗೆ ಏರಿತ್ತು. ಮಹಾಲಕ್ಷ್ಮಕ್ಕ ಸೊಂಟದ ಮಡಿಕೆ ಬಿಚ್ಚಿದರು, ಸರಿಹೋಯಿತು. ಆಮೇಲೆ ರವಿಕೆಗೆ ಟೇಪು ಹಿಡಿದವರು ಇನ್ನೊಮ್ಮೆ ಹಿಡಿದರು.

"ಧರ್ಮಾವತಿ, ಇವಳು ಉದ್ದ ಬೆಳೆದಿದಾಳೆ, ಸುತ್ತಳತೆ ಇಳಿದಿದೆ. ನಾನು ಬಿಚ್ಚೋದಲ್ಲ, ಇನ್ನೂ ಒಳಗೆ ಹಿಡಿದು ಹೊಲೀಬೇಕು."

"ಒಳ್ಳೇದೇ ಆಯ್ತಲ್ಲ ಅಕ್ಕ. ಇನ್ನೊಂದು ವರ್ಷ ಬರುತ್ತೆ."

"ಎಂತ ಒಳ್ಳೇದು? ಹದಿಮೂರರ ಹುಡುಗಿ ಇದು." ಅವರು ಸಿಂಚನಾಳ ಗಲ್ಲ ಹಿಡಿದೆತ್ತಿದರು. "ಊಟ ಮಾಡ್ತೀಯೇನೇ?"

"ಮಾಡ್ತೀನಿ."

"ಸುಳ್ಳು ಹೇಳ್ಬೇಡ."

ಸಿಂಚನಾ ಕನ್ನಡಿ ನೋಡುತ್ತಲೇ ಹೇಳಿದಳು: "ಎರಡೇ ಇಂಚು ಅಂದ್ರಲ್ಲ ಆಂಟಿ. ನಮ್ಮ ಡ್ಯಾನ್ಸ್ ಕ್ಲಾಸಿನ ಅಪೇಕ್ಷಾಗೆ ಅವಳ ಡ್ರೆಸ್ ಆಗ್ಲೇ ಇಲ್ಲ, ಬಾಡಿಗೇದು ಹಾಕ್ಕೊಂಡ್ಲು. ನಂಗೆ ಇದೇ ಬೇಕು. ಅಮ್ಮನ ಸೀರೆ."

ಶಾಲೆಯಿಂದ ಡಬ್ಬಿ ದಿನಾ ಖಾಲಿಯಾಗಿಯೇ ಬರುತ್ತಿತ್ತು. "ಡಬ್ಬಿ?" ಎಂದೆ.

"ಗೆಳತೀರಿಗೆ ಕೊಡ್ತಿದ್ದೆ."

ಮಹಾಲಕ್ಷ್ಮಕ್ಕ ಬ್ಲೇಡು ತೆಗೆದುಕೊಂಡು ರವಿಕೆಯ ಎರಡೂ ಪಕ್ಕದ ಹೊಲಿಗೆಯನ್ನು ಕಂಕುಳಿಂದ ಕೆಳಗಿನವರೆಗೆ ಬಿಚ್ಚಿದರು. ಒಳಗಿದ್ದ ರೇಷ್ಮೆ ಹೊಸದಾಗಿಯೇ ಇತ್ತು, ಹೊರಗಿನದು ಬೆವರಿಗೆ ಮಾಸಿತ್ತು. ನಡುವೆ ಸೂಜಿ ತೂತಿನ ಸಾಲು.

"ಅಯ್ಯೋ, ಗುರುತು ಕಾಣುತ್ತೆ ಆಂಟಿ!"

"ಕಾಣ್ಲಿ. ಮೇಲೆ ಜರಿಪಟ್ಟಿ ಕೊಡ್ತೀನಿ."

"ದೊಗಳೆ ಆಗುತ್ತೆ."

"ಆಗುತ್ತೆ. ಅದಕ್ಕೇ ಈಗ ಹೊಲಿಯೋದಿಲ್ಲ. ಪರೀಕ್ಷೆಗೆ ನಾಲ್ಕು ದಿನ ಇದೆ ಅನ್ನುವಾಗ ಬಾ, ಆಗ ಎಷ್ಟಿರ್ತೀಯೋ ಅಷ್ಟಕ್ಕೆ ಹೊಲೀತೀನಿ. ಇವತ್ತಿನ ಅಳತೆಗೆ ನಾನಂತೂ ಹೊಲಿಯೋದಿಲ್ಲ." ಬ್ಲೇಡು ಕೆಳಗಿಟ್ಟರು. "ಹಾಳು ಬಾಯಿ ನಂದು."

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತರಿಸಿದೆ. ಒಂದನ್ನು ಮುರಿದು ಅರ್ಧ ತನ್ನ ಕಡೆ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಸಿಂಚನಾ ನನ್ನ ಕಡೆ ತಳ್ಳಿದಳು.

"ಎರಡಿಂಚು ಮೀರಿದ್ರೆ?"

"ನನ್ನ ಇನ್ನೊಂದು ಸೀರೆ ಕತ್ತರಿಸೋಣ."

"ಅದು ಈ ಬಣ್ಣದ್ದಲ್ಲ ಅಮ್ಮ."

ಅಲ್ಲ, ನಿಜ. ತಟ್ಟೆಯನ್ನು ಮತ್ತೆ ಅವಳ ಮುಂದಿಟ್ಟೆ. ಅವಳು ಒಂದು ಚೂರು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಹೊರಗೆ ಹೊಸನಗರದ ಬಸ್ಸಿನವ ಹಾರ್ನ್ ಹೊಡೆಯುತ್ತಿದ್ದ. ನಾನು ಏಳಲಿಲ್ಲ. ಅವಳು ಇನ್ನೊಂದು ಚೂರು ಮುರಿಯುವುದನ್ನು ಕಾಯುತ್ತ ಕೂತೆ. ಬಸ್ಸು ಹೊರಟಿತು.